ಸ್ಕೇಲ್ ಪಕ್ಕ ತೆಗೆದ ಫೋಟೊಗಳಿಂದ ಗಿಡ ದಿನಕ್ಕೆಷ್ಟು ಬೆಳೆಯಿತು ಅಂತ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ವಿಜಯನಗರದ ನಮ್ಮ ಮನೆ ಬಾಲ್ಕನಿಯಲ್ಲಿ ಮೆಣಸಿನ ಗಿಡ ಇದೆ. ಪ್ರತಿ ಭಾನುವಾರ ಕುಂಡದ ಮುಂದಿನ ಅಂಚಿನಲ್ಲಿ 30 ಸೆಂ.ಮೀ. ಸ್ಕೇಲ್ ಚುಚ್ಚಿ ಫೋಟೊ ತೆಗೆಯುತ್ತೇನೆ. ಮೊದಲ ಫೋಟೊದಲ್ಲಿ ಒಂದು ಸೆಂ.ಮೀ.ಗೆ ಎಷ್ಟು ಪಿಕ್ಸೆಲ್ ಅಂತ ನೋಡಿ, ಎಲ್ಲಾ ಫೋಟೊಗೂ ಅದೇ ಲೆಕ್ಕ ಹಾಕಿದೆ. ಎರಡನೇ ವಾರ ಗಿಡ ಕುಗ್ಗಿದೆ ಅಂತ ಬರ್ತಿದೆ! ದಿನಕ್ಕೆ ಎಷ್ಟು ಬೆಳೆಯುತ್ತಿದೆ ಅಂತ ಹೇಗೆ ತಿಳಿಯುವುದು?

ಉತ್ತರ:

ಗಿಡ ಕುಗ್ಗಿಲ್ಲ. ಎರಡನೇ ವಾರ ನೀವು ಒಂದು ಹೆಜ್ಜೆ ಹಿಂದೆ ನಿಂತಿದ್ದೀರಿ, ಅಷ್ಟೇ. ಮೊಬೈಲ್ ಸ್ವಲ್ಪ ದೂರ ಹೋದರೂ ಒಂದು ಸೆಂ.ಮೀ.ಗೆ ಸಿಗುವ ಪಿಕ್ಸೆಲ್ ಕಡಿಮೆ ಆಗುತ್ತದೆ. ಹಾಗಾಗಿ ಪ್ರತಿ ಫೋಟೊಗೂ ಅದರದೇ ಅಳತೆ ತೆಗೆಯಬೇಕು. ಸ್ಕೇಲ್ ಇಡುವುದೇ ಅದಕ್ಕೆ ಅಲ್ವಾ?

ಒಂದು ಉದಾಹರಣೆ ನೋಡಿ. ಮೊದಲ ಫೋಟೊದಲ್ಲಿ ಸ್ಕೇಲಿನ 0ಯಿಂದ 30ರ ಗೆರೆವರೆಗೆ 1800 ಪಿಕ್ಸೆಲ್ ಇದೆ ಅಂದುಕೊಳ್ಳಿ. ಸೆಂ.ಮೀ.ಗೆ 60 ಆಯಿತು. ಗಿಡ 720 ಪಿಕ್ಸೆಲ್ ಇದ್ದರೆ ಎತ್ತರ 12 ಸೆಂ.ಮೀ. ಮುಂದಿನ ವಾರದ ಫೋಟೊದಲ್ಲಿ ಗಿಡ 702 ಪಿಕ್ಸೆಲ್. ಹಳೇ 60ರಿಂದ ಭಾಗಿಸಿದರೆ 11.7 ಬರುತ್ತದೆ, ಗಿಡ ಕುಗ್ಗಿದ ಹಾಗೆ. ಆದರೆ ಅದೇ ಫೋಟೊದಲ್ಲಿ ಸ್ಕೇಲ್ ಕೂಡ 1560 ಪಿಕ್ಸೆಲ್‌ಗೆ ಇಳಿದಿರುತ್ತದೆ, ಅಂದರೆ ಸೆಂ.ಮೀ.ಗೆ 52. ಈಗ 702ನ್ನು 52ರಿಂದ ಭಾಗಿಸಿ. 13.5 ಸೆಂ.ಮೀ. ಏಳು ದಿನಕ್ಕೆ ಒಂದೂವರೆ ಸೆಂ.ಮೀ., ದಿನಕ್ಕೆ ಸುಮಾರು 0.21.

ಪಿಕ್ಸೆಲ್ ಎಣಿಸುವುದಕ್ಕೆ ImageJ ಅನ್ನುವ ಉಚಿತ ಸಾಫ್ಟ್‌ವೇರ್ ಒಳ್ಳೆಯದು. ಸ್ಕೇಲಿನ ಮೇಲೆ ಗೆರೆ ಎಳೆದು Analyze > Set Scale ನಲ್ಲಿ Known distance ಜಾಗದಲ್ಲಿ 30, Unit of length ಜಾಗದಲ್ಲಿ cm ಅಂತ ಕೊಟ್ಟರೆ, ಆಮೇಲೆ ಗಿಡದ ಮೇಲೆ ಎಳೆದ ಗೆರೆಯ ಉದ್ದವನ್ನು ನೇರವಾಗಿ ಸೆಂ.ಮೀ.ನಲ್ಲೇ ಕೊಡುತ್ತದೆ. ಫೋಟೊ ಸ್ವಲ್ಪ ವಾರೆಯಾಗಿದ್ದರೂ ಚಿಂತೆಯಿಲ್ಲ. ಸ್ಕೇಲಿನ ತುದಿಯಿಂದ ಅಳೆಯಬೇಡಿ, ಸೊನ್ನೆಯ ಗೆರೆಯಿಂದ ಅಳೆಯಿರಿ. ಮಕ್ಕಳ ಸ್ಕೇಲುಗಳಲ್ಲಿ ಸೊನ್ನೆಗಿಂತ ಮುಂಚೆ ಒಂದಿಷ್ಟು ಖಾಲಿ ಜಾಗ ಇರುತ್ತದೆ.

ಇನ್ನು ನೀವು ಬರೆದಿರುವ ಆ "ಮುಂದಿನ ಅಂಚು". ನನ್ನ ಪ್ರಕಾರ ದೊಡ್ಡ ತೊಂದರೆ ಇರುವುದೇ ಅಲ್ಲಿ. ಗಿಡ ಕುಂಡದ ನಡುವೆ, ಸ್ಕೇಲ್ ನಿಮ್ಮ ಕಡೆಯ ಅಂಚಿನಲ್ಲಿ. ಕುಂಡ ಹತ್ತಿಂಚಿನದಾದರೆ ಎರಡರ ನಡುವೆ ಸುಮಾರು 12 ಸೆಂ.ಮೀ. ಅಂತರ ಇರುತ್ತದೆ. ಮೊಬೈಲಿನಿಂದ ಸ್ಕೇಲ್ 60 ಸೆಂ.ಮೀ. ದೂರದಲ್ಲಿದ್ದರೆ ಕಾಂಡ 72 ಸೆಂ.ಮೀ. ದೂರದಲ್ಲಿರುತ್ತದೆ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವುದರಿಂದ ಗಿಡದ ಎತ್ತರ ನಿಜಕ್ಕಿಂತ 60/72ರಷ್ಟೇ ಬರುತ್ತದೆ, ಅಂದರೆ ಶೇ 17 ಕಡಿಮೆ. ದಿನಕ್ಕೆ 0.21 ಬೆಳೆದದ್ದು 0.18ಕ್ಕೂ ಕೆಳಗೆ ಕಾಣುತ್ತದೆ. ನಿಂತ ದೂರ ವಾರ ವಾರಕ್ಕೂ ಬದಲಾದರೆ ಇನ್ನೂ ಕಷ್ಟ. ತಪ್ಪಿನ ಪ್ರಮಾಣವೂ ಬದಲಾಗುತ್ತದೆ, ಅದೇ ಬೆಳವಣಿಗೆಯ ವೇಷ ಹಾಕಿಕೊಂಡು ಬರುತ್ತದೆ.

ಸ್ಕೇಲನ್ನು ಮುಂದೆ ಚುಚ್ಚುವ ಬದಲು ಕುಂಡದ ಎಡ ಅಥವಾ ಬಲ ಅಂಚಿಗೆ ಚುಚ್ಚಿದರೆ ಮುಗಿಯಿತು. ಆಗ ಸ್ಕೇಲ್ ಮತ್ತು ಕಾಂಡ ಎರಡೂ ಮೊಬೈಲಿನಿಂದ ಒಂದೇ ದೂರದಲ್ಲಿರುತ್ತವೆ. ಜೊತೆಗೆ ಒಂದೂವರೆ ಎರಡು ಮೀಟರ್ ಹಿಂದೆ ನಿಂತು 2x ಜೂಮ್‌ನಲ್ಲಿ ತೆಗೆಯಿರಿ. ಅಷ್ಟು ದೂರದಲ್ಲಿ ಸ್ಕೇಲ್ ಒಂದೆರಡು ಸೆಂ.ಮೀ. ಹಿಂದೆ ಮುಂದೆ ಇದ್ದರೂ ಶೇ 1ರ ಆಸುಪಾಸಿನ ವ್ಯತ್ಯಾಸ. 0.5x ಮಾತ್ರ ಬೇಡ, ಅದು ಅಂಚುಗಳನ್ನು ಎಳೆದು ಹಿಗ್ಗಿಸುತ್ತದೆ. ಈಗಾಗಲೇ ತೆಗೆದ ಫೋಟೊಗಳನ್ನು ಬಿಸಾಡಬೇಡಿ. ಎಲ್ಲಿ ನಿಂತು ತೆಗೆದಿರಿ ಅಂತ ನೆನಪಿದ್ದರೆ ಆ ದೂರ ಅಳೆದು, ಬಂದ ಎತ್ತರವನ್ನು 72/60 ತರಹದ ಅನುಪಾತದಿಂದ ಗುಣಿಸಿ. ಪೂರ್ತಿ ಅಲ್ಲದಿದ್ದರೂ ತಕ್ಕಮಟ್ಟಿಗೆ ಸರಿಹೋಗುತ್ತದೆ.

ಬಾಲ್ಕನಿ ಗಿಡಗಳದ್ದು ಇನ್ನೊಂದು ಚಾಳಿ ಇದೆ. ಬೆಳಕು ಒಂದೇ ಕಡೆಯಿಂದ ಬರುವುದರಿಂದ ಗ್ರಿಲ್ ಕಡೆ ವಾಲುತ್ತವೆ. ನೀವು ಮನೆಯೊಳಗಿನಿಂದ ತೆಗೆದರೆ ಗಿಡ ನಿಮ್ಮಿಂದ ಆಚೆಗೆ ಬಾಗಿರುತ್ತದೆ, ಆ ಬಾಗು ಫೋಟೊದಲ್ಲಿ ಕಾಣುವುದೇ ಇಲ್ಲ, ಎತ್ತರ ಕಡಿಮೆ ಬರುತ್ತದೆ. ಬಾಲ್ಕನಿಯ ಒಂದು ತುದಿಯಲ್ಲಿ ನಿಂತು ಪಕ್ಕದಿಂದ ತೆಗೆಯಿರಿ. ಬೆಳಕಿಗೆ ಎದುರಾಗಿ ತೆಗೆದು ಚಿಗುರು ಕಪ್ಪಗಾಗುವುದೂ ತಪ್ಪುತ್ತದೆ.

ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಮೇಲೆ ಚಿಗುರಿನ ಮೊಗ್ಗಿನವರೆಗೆ, ಎಲೆಯ ತುದಿಯವರೆಗೆ ಅಲ್ಲ. ಬಿಸಿಲಿಗೆ ಎಲೆ ಜೋತುಬಿದ್ದರೆ ಒಂದೆರಡು ಸೆಂ.ಮೀ. ಸುಮ್ನೆ ಮಾಯವಾಗುತ್ತದೆ. ಕೆಳಗೆ ಮಣ್ಣಿನಿಂದಲೂ ಬೇಡ, ನೀರು ಹಾಕಿದ ಹಾಗೆಲ್ಲ ಮಣ್ಣು ಕೂರುತ್ತದೆ. ಕಾಂಡದ ಬುಡದ ಹತ್ತಿರ ಪರ್ಮನೆಂಟ್ ಮಾರ್ಕರಿನಿಂದ ಒಂದು ಚುಕ್ಕೆ ಇಟ್ಟು ಅಲ್ಲಿಂದ ಅಳೆಯಿರಿ. ನಿಮಗೆ ಬೇಕಿರುವುದು ವ್ಯತ್ಯಾಸ ಮಾತ್ರ, ಬುಡದ ಹತ್ತಿರ ಚುಕ್ಕೆ ಎಲ್ಲಿದ್ದರೂ ನಡೆಯುತ್ತದೆ.

ಈಗ ದಿನದ ಲೆಕ್ಕ. ಒಂದು ಭಾನುವಾರ ಮರೆತು ಸೋಮವಾರ ತೆಗೆದಿದ್ದೀರಿ ಅಂತಿಟ್ಟುಕೊಳ್ಳಿ. 0, 7, 15, 21, 28ನೇ ದಿನಗಳಲ್ಲಿ ಎತ್ತರ 12, 13.5, 15.6, 16.6, 18.5 ಸೆಂ.ಮೀ. ನಿಜವಾದ ದಿನಗಳಿಂದ ಭಾಗಿಸಿದರೆ ವಾರವಾರದ ವೇಗ 0.21, 0.26, 0.17, 0.27 ಬರುತ್ತದೆ. ಎಲ್ಲವನ್ನೂ ಕಣ್ಣುಮುಚ್ಚಿ 7ರಿಂದ ಭಾಗಿಸಿದ್ದರೆ ಎರಡನೆಯದು 0.30, ಮೂರನೆಯದು 0.14 ಆಗುತ್ತಿತ್ತು. ಫೋಟೊ ತೆಗೆದ ದಿನಾಂಕವನ್ನು ಗ್ಯಾಲರಿಯ ವಿವರದಲ್ಲಿ ನೋಡಿ. ವಾಟ್ಸಾಪ್‌ನಲ್ಲಿ ಬಂದ ಕಾಪಿಯ ಹೆಸರಿನಲ್ಲಿರುವ ದಿನಾಂಕವನ್ನು ನಂಬಬೇಡಿ.

ಮೂರನೇ ವಾರ 0.17 ಅಂತ ಬಂತಲ್ಲ, ಮೋಡ ಜಾಸ್ತಿ ಇತ್ತೋ, ಗೊಬ್ಬರ ಸಾಲಲಿಲ್ಲವೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎಷ್ಟು ಜೋಪಾನವಾಗಿ ಅಳೆದರೂ ಒಂದು ಫೋಟೊಗೆ 3 ಮಿ.ಮೀ. ಅತ್ತಿತ್ತ ಆಗುವುದು ಮಾಮೂಲು. ಎರಡು ಫೋಟೊಗಳ ತಪ್ಪು ಎದುರುಬದುರಾದರೆ 6 ಮಿ.ಮೀ. ಅದನ್ನು 7 ದಿನಕ್ಕೆ ಹಂಚಿದರೆ ದಿನಕ್ಕೆ 0.09 ಸೆಂ.ಮೀ. ಮೇಲಿನ ಏರಿಳಿತ ಹೆಚ್ಚುಕಡಿಮೆ ಅಷ್ಟೇ ಇದೆ. ಅದೇ 6 ಮಿ.ಮೀ. 28 ದಿನಕ್ಕೆ ಹಂಚಿದರೆ ಬರೀ 0.02. ಆದ್ದರಿಂದ ವಾರವಾರದ ವೇಗ ಬಿಟ್ಟು ಎಲ್ಲಾ ಚುಕ್ಕೆಗಳಿಗೂ ಹೊಂದುವ ಒಂದು ಗೆರೆ ಎಳೆಯಿರಿ. ಗೂಗಲ್ ಶೀಟ್‌ನಲ್ಲಿ ಎರಡನೇ ಸಾಲಿನಿಂದ ಶುರುಮಾಡಿ A ಕಾಲಂಗೆ ದಿನ, B ಕಾಲಂಗೆ ಎತ್ತರ ಹಾಕಿ:

```
=SLOPE(B2:B6, A2:A6)
```

ಉತ್ತರ 0.23 ಬರುತ್ತದೆ. ದಿನಕ್ಕೆ 0.23 ಸೆಂ.ಮೀ., ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಇದರಾಚೆ ಮೂರನೇ ದಶಮಾಂಶ ಬರೆಯುವುದರಲ್ಲಿ ಅರ್ಥವಿಲ್ಲ.

ಗ್ರಾಫನ್ನೂ ಒಮ್ಮೆ ಹಾಕಿ ನೋಡಿ. ಚುಕ್ಕೆಗಳು ಗೆರೆಯ ಎರಡೂ ಕಡೆ ಚೆದುರಿದ್ದರೆ ಸರಿ. ಮೊದಲ ಮತ್ತು ಕೊನೆಯ ಚುಕ್ಕೆಗಳು ಗೆರೆಗಿಂತ ಮೇಲಿದ್ದು ನಡುವಿನವೆಲ್ಲ ಕೆಳಗಿದ್ದರೆ ಗಿಡದ ವೇಗವೇ ಹೆಚ್ಚುತ್ತಿದೆ ಅಂತ ಅರ್ಥ. ಸಸಿ ಹಂತದಲ್ಲಿ ಹೀಗಾಗುತ್ತದೆ, ಆಗ ಮೊದಲರ್ಧಕ್ಕೂ ಕೊನೆಯರ್ಧಕ್ಕೂ ಬೇರೆ ಬೇರೆ ವೇಗ ತೆಗೆಯಿರಿ. ಮೆಣಸಿನ ಗಿಡದಲ್ಲಿ ಮುಖ್ಯ ಕಾಂಡದ ತುದಿಯಲ್ಲೇ ಮೊದಲ ಹೂವಿನ ಮೊಗ್ಗು ಬಂದು, ಅಲ್ಲಿಂದ ಗಿಡ ಕವಲೊಡೆಯುತ್ತದೆ. ನೀವು ಅಳೆಯುತ್ತಿದ್ದ ತುದಿ ಅಲ್ಲಿಗೆ ನಿಂತುಹೋಗುತ್ತದೆ. ಒಂದು ಕವಲಿಗೆ ದಾರ ಕಟ್ಟಿ ಅದನ್ನೇ ಅಳೆಯುತ್ತಾ ಹೋಗಿ, ಅದರ ಅಂಕಿಗಳನ್ನು ಶೀಟ್‌ನಲ್ಲಿ ಬೇರೆ ಕಾಲಂಗೆ ಹಾಕಿ.