ಕೆಟ್ಟಿರೋದು ಸ್ವಿಚ್ ಪೋರ್ಟಾ, ಕೇಬಲ್ಲಾ?

ಒಂದು ಪಿಸಿಗೆ ಮಾತ್ರ 1000 ಬದಲು 100 ಎಂಬಿಪಿಎಸ್ ಲಿಂಕ್ ಸಿಗ್ತಿದೆ, ಆಗಾಗ ಕಟ್ಟೂ ಆಗುತ್ತೆ. ಸ್ವಿಚ್‌ನ 3ನೇ ಪೋರ್ಟ್ ಹೋಗಿದೆಯಾ?

ಮೊದಲು ಸ್ವಿಚ್ ಕಡೆ ಮಾತ್ರ ಕೈ ಹಾಕಿ. 3ನೇ ಪೋರ್ಟಿನ ಕೇಬಲನ್ನು, ಸರಿಯಾಗಿ 1000 ತೋರಿಸುತ್ತಿರುವ 4ನೇ ಪೋರ್ಟಿನ ಕೇಬಲ್ ಜೊತೆ ಅದಲುಬದಲು ಮಾಡಿ. ನಿಮ್ಮ ಪಿಸಿ ಸರಿಹೋಗಿ ಇನ್ನೊಂದು ಪಿಸಿಗೆ ಕಾಟ ಶುರುವಾದರೆ 3ನೇ ಪೋರ್ಟೇ ಕೆಟ್ಟಿದೆ. ತೊಂದರೆ ನಿಮ್ಮ ಪಿಸಿಯನ್ನೇ ಬಿಡದಿದ್ದರೆ ಪೋರ್ಟಿನದು ತಪ್ಪಿಲ್ಲ. ಆಗ ಕೇಬಲ್ ಬದಲಿಸಿ. ಅದಕ್ಕೂ ಜಗ್ಗದಿದ್ದರೆ ಪಿಸಿಯ ನೆಟ್‌ವರ್ಕ್ ಕಾರ್ಡ್ ಮೇಲೆ ಅನುಮಾನ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ನನಗಂತೂ ಮೊದಲ ಅನುಮಾನ ಕೇಬಲ್ ಮೇಲೆಯೇ. 1000ಕ್ಕೆ ಕೇಬಲ್‌ನ 8 ತಂತಿಗಳೂ ಬೇಕು, 100ಕ್ಕೆ 4 ಸಾಕು. ಒಂದು ತಂತಿ ತುಂಡಾಗಿದ್ದರೂ ಲಿಂಕ್ 100ಕ್ಕೆ ಇಳಿದು ನಿಲ್ಲಬಹುದು. ಪೋರ್ಟಿನೊಳಗೆ ಪಿನ್ ಬಾಗಿದ್ದರೂ ಇದೇ ಕಥೆ, ಟಾರ್ಚ್ ಬಿಟ್ಟು ನೋಡಿ. ಲಿನಕ್ಸ್ ಆದರೆ ಪ್ರತಿ ಬದಲಾವಣೆ ಆದಮೇಲೆ ಹೀಗೆ ನೋಡಬಹುದು (`eth0` ಜಾಗದಲ್ಲಿ ನಿಮ್ಮ ಕಾರ್ಡಿನ ಹೆಸರು):

```
ethtool eth0 | grep Speed
```

ಅದಲುಬದಲು ಮಾಡಿದ ಮೇಲೆ ಎರಡೂ ಸರಿಹೋದರೆ ಖುಷಿಪಡಬೇಡಿ. ಪ್ಲಗ್ ಸಡಿಲವಾಗಿತ್ತು ಅಂತ ಅರ್ಥ ಇರಬಹುದು. ಅದರ ಲಾಕ್ ಮುರಿದಿದೆಯಾ ನೋಡಿ, ಕೇಬಲನ್ನು ಮೆಲ್ಲಗೆ ಅಲ್ಲಾಡಿಸಿ. ಮ್ಯಾನೇಜ್ಡ್ ಸ್ವಿಚ್ ಆದರೆ ಎರಡೂ ಪೋರ್ಟ್‌ಗಳ ಸ್ಪೀಡ್, ವಿಲ್ಯಾನ್ ಸೆಟಿಂಗ್ ಒಂದೇ ಇರಬೇಕು, ಇಲ್ಲಾಂದ್ರೆ ಈ ಪರೀಕ್ಷೆಯೇ ದಾರಿ ತಪ್ಪಿಸುತ್ತೆ.