ಊಟದ ಬಟ್ಟಲ ಹತ್ತಿರ ಹೋದರೆ ನಾಯಿ ಗುರ್ ಅನ್ನುತ್ತದೆ, ಏನು ಮಾಡೋದು?

ಪ್ರಶ್ನೆ: ಬೀದಿಯಲ್ಲಿದ್ದ ಒಂದು ವರ್ಷದ ನಾಯಿಯನ್ನು ತಂದು ಸಾಕಿದ್ದೀವಿ. ಬೇರೆ ಎಲ್ಲದರಲ್ಲೂ ಒಳ್ಳೆಯದು, ಆದರೆ ಊಟ ಮಾಡುವಾಗ ಹತ್ತಿರ ಹೋದರೆ ಗುರ್ ಅನ್ನುತ್ತೆ. ಚೆಂಡು ಕಚ್ಚಿಕೊಂಡಾಗಲೂ ಅಷ್ಟೇ. ಬಟ್ಟಲು ಕಿತ್ತುಕೊಂಡು ಯಾರು ಯಜಮಾನ ಅಂತ ತೋರಿಸಿ ಅಂತಾರೆ ಪಕ್ಕದ ಮನೆಯವರು. ಮನೆಯಲ್ಲಿ 5 ವರ್ಷದ ಮಗಳಿದ್ದಾಳೆ, ಭಯ ಆಗುತ್ತೆ.

ಉತ್ತರ:

ಬಟ್ಟಲು ಕಿತ್ತುಕೊಳ್ಳಬೇಡಿ. ಗುರ್ ಅಂದಿದ್ದಕ್ಕೆ ಹೊಡೆಯಬೇಡಿ, ಗದರಲೂ ಬೇಡಿ. ಇವತ್ತು ರಾತ್ರಿಯ ಊಟದಿಂದಲೇ ನಾಯಿಗೆ ಬೇರೆ ಕೋಣೆಯಲ್ಲಿ ಊಟ ಇಟ್ಟು ಬಾಗಿಲು ಹಾಕಿ. ಅದು ತಿಂದು ಹೊರಗೆ ಬಂದ ಮೇಲೆ ಬಟ್ಟಲು ಎತ್ತಿಡಿ. ಮಗಳಿಗೆ "ಹತ್ತಿರ ಹೋಗಬೇಡ" ಎಂದು ಹೇಳಿದರೆ ಸಾಲದು. 5 ವರ್ಷದ ಮಕ್ಕಳು ಆಟದ ಗುಂಗಿನಲ್ಲಿ ಮರೆತುಬಿಡುತ್ತಾರೆ. ನಡುವೆ ಬಾಗಿಲೇ ಇರಬೇಕು. ನಾಯಿ ಚೆಂಡನ್ನು ಕಾಯುತ್ತದೆ ಅಂದರೆ ಸದ್ಯಕ್ಕೆ ಚೆಂಡೂ ಮಗಳ ಮುಂದೆ ಬೇಡ.

ನಾನು ಮೈಸೂರಿನಲ್ಲಿ ಬೀದಿಯಿಂದ ಬಂದ ನಾಯಿಗಳನ್ನು, ಅವುಗಳಿಗೆ ಒಂದು ಮನೆ ಸಿಗುವ ತನಕ, ನನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತೇನೆ. ಹೀಗೆ ಊಟ ಕಾಯುವ ನಾಯಿಗಳು ನನಗೆ ಹೊಸದಲ್ಲ. ಇದು ಯಜಮಾನಿಕೆಯ ಜಗಳ ಅಲ್ಲವೇ ಅಲ್ಲ. ಯಾರಾದರೂ ಬಂದರೆ ಬಾಯಲ್ಲಿದ್ದದ್ದು ಹೋಗುತ್ತದೆ ಅನ್ನುವ ಹೆದರಿಕೆ, ಅಷ್ಟೇ. ನೀವು ಬಟ್ಟಲು ಕಿತ್ತುಕೊಂಡಾಗ ಆ ಹೆದರಿಕೆ ನಿಜ ಅಂತ ನೀವೇ ತೋರಿಸಿಕೊಟ್ಟ ಹಾಗಾಗುತ್ತದೆ. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದು ಅದನ್ನು ಅಡಗಿಸಿದರೆ ಹೆದರಿಕೆ ಒಳಗೇ ಉಳಿಯುತ್ತದೆ, ಎಚ್ಚರಿಕೆ ಮಾತ್ರ ಹೋಗುತ್ತದೆ. "ಏನೂ ಸುಳಿವೇ ಕೊಡದೆ ಕಚ್ಚಿತು" ಅಂತ ಜನ ಹೇಳುವ ಎಷ್ಟೋ ನಾಯಿಗಳು ಹಿಂದೆ ಸುಳಿವು ಕೊಟ್ಟು ಒದೆ ತಿಂದಿರುತ್ತವೆ.

ಬದಲಾಗಬೇಕಾದ್ದು ಒಂದೇ. ಮನುಷ್ಯ ಹತ್ತಿರ ಬಂದರೆ ಏನೋ ಹೋಗುತ್ತದೆ ಅನ್ನುವುದು, ಮನುಷ್ಯ ಬಂದರೆ ಇನ್ನೂ ಒಳ್ಳೆಯದು ಸಿಗುತ್ತದೆ ಅಂತ ಆಗಬೇಕು. ಗೌರಿ ಅಂತ ಒಂದು ಹೆಣ್ಣು ನಾಯಿ ನನ್ನ ಹತ್ತಿರ ಇತ್ತು, ಅದಕ್ಕೆ ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ಮೊದಲು ದೂರ ಗೊತ್ತುಮಾಡಿಕೊಂಡೆ. ಗೌರಿ ಗುರ್ ಅನ್ನುತ್ತಿದ್ದದ್ದು ನಾನು ಮೂರು ಅಡಿ ಹತ್ತಿರ ಹೋದಾಗ. ಆದರೆ ಆರು ಅಡಿಯಲ್ಲೇ ಅದರ ಮೈ ಬೇರೆ ಮಾತಾಡುತ್ತಿತ್ತು. ಸ್ಟೀಲ್ ಬಟ್ಟಲಲ್ಲಿ ಲಬಲಬ ಅನ್ನುವ ಸದ್ದು ತಟ್ಟನೆ ನಿಲ್ಲುತ್ತಿತ್ತು, ತಲೆ ಬಟ್ಟಲೊಳಗೇ ಇದ್ದು ಕುತ್ತಿಗೆ ಕಲ್ಲಾಗುತ್ತಿತ್ತು, ಕಣ್ಣು ಮಾತ್ರ ಓರೆಯಾಗಿ ನನ್ನ ಕಡೆ ತಿರುಗಿ ಬಿಳಿ ಭಾಗ ಕಾಣುತ್ತಿತ್ತು. ಕೆಲವು ನಾಯಿಗಳು ನಿಲ್ಲಿಸುವುದಿಲ್ಲ, ಅದರ ಬದಲು ಎರಡರಷ್ಟು ಬೇಗ ಬೇಗ ನುಂಗುತ್ತವೆ. ಅದೂ ಅದೇ. ಈ ಲಕ್ಷಣ ಎಲ್ಲಿ ಶುರುವಾಗುತ್ತದೋ ಅದಕ್ಕಿಂತ ಎರಡು ಅಡಿ ಹಿಂದೆ ನಿಮ್ಮ ಜಾಗ. ಗೌರಿಗೆ ಅದು ಎಂಟು ಅಡಿ.

ಬಟ್ಟಲಿಗೆ ಅದರ ಮಾಮೂಲಿ ಊಟ. ನನ್ನ ಕೈಯಲ್ಲಿ ಬೇಯಿಸಿದ ಕೋಳಿಯ ಚೂರುಗಳು. ಉಪ್ಪು, ಈರುಳ್ಳಿ, ಮೂಳೆ ಏನೂ ಇಲ್ಲ, ಕಡಲೆಕಾಳಿನಷ್ಟು ದೊಡ್ಡವು. ಮಾಂಸ ಮಾಡದ ಮನೆಯಾದರೆ ಪನೀರ್ ಆಗುತ್ತದೆ. ಬಟ್ಟಲಲ್ಲಿರುವುದಕ್ಕಿಂತ ಕೈಯಲ್ಲಿರುವುದು ರುಚಿಯಾಗಿರಬೇಕು, ಅದು ಮುಖ್ಯ. ನಾಯಿ ತಿನ್ನುತ್ತಿರುವಾಗ ಎಂಟು ಅಡಿ ದೂರದ ತನಕ ಸುಮ್ನೆ ನಡೆದು ಬರುತ್ತೇನೆ, ಒಂದು ಚೂರನ್ನು ಬಟ್ಟಲ ಪಕ್ಕಕ್ಕೆ ಎಸೆಯುತ್ತೇನೆ, ನಿಲ್ಲದೆ ವಾಪಸ್ ಹೋಗುತ್ತೇನೆ. ಒಂದು ಊಟಕ್ಕೆ ಹೀಗೆ ಐದಾರು ಸಲ, ಸಾಕು. ಮಾತಾಡಿಸುವುದು, ದಿಟ್ಟಿಸಿ ನೋಡುವುದು, ತಲೆ ಸವರುವುದು ಏನೂ ಬೇಡ.

ಇಲ್ಲಿ ಕ್ರಮ ತಪ್ಪಬಾರದು. ಮೊದಲು ನೀವು ಬರಬೇಕು, ಆಮೇಲೆ ಕೋಳಿ ಕಾಣಬೇಕು. ದೂರದಿಂದಲೇ ಕೋಳಿ ತೋರಿಸಿಕೊಂಡು ಹೋದರೆ ನಾಯಿ ನಂಬುವುದು ಕೋಳಿಯನ್ನು, ನಿಮ್ಮನ್ನಲ್ಲ. ಕೈ ಖಾಲಿ ಇದ್ದ ದಿನ ಮತ್ತೆ ಗುರ್ ಅನ್ನುತ್ತದೆ. ಎಷ್ಟೋ ಮನೆಗಳಲ್ಲಿ "ಎಲ್ಲ ಮಾಡಿದೆವು, ಉಪಯೋಗ ಆಗಲಿಲ್ಲ" ಅನ್ನುವುದು ಇದರಿಂದಲೇ.

ಯಾವಾಗ ಇನ್ನೂ ಹತ್ತಿರ ಹೋಗಬಹುದು? ಅದನ್ನು ನಾಯಿಯೇ ಹೇಳುತ್ತದೆ, ಕ್ಯಾಲೆಂಡರ್ ಅಲ್ಲ. ಹೆಜ್ಜೆ ಸದ್ದು ಕೇಳಿದ ಕೂಡಲೇ ಗೌರಿ ತಾನಾಗೇ ಬಟ್ಟಲಿಂದ ತಲೆ ಎತ್ತಿ, ಬಾಯಿ ಸಡಿಲ ಬಿಟ್ಟು, ಬಾಲ ಆಡಿಸುತ್ತಾ ನನ್ನ ಕೈ ನೋಡಲು ಶುರುಮಾಡಿತು. ಮೂರು ನಾಲ್ಕು ಊಟ ಸತತವಾಗಿ ಹಾಗೇ ಮಾಡಿದ ಮೇಲೆ ಅರ್ಧ ಅಡಿ ಮುಂದೆ ಹೋದೆ. ಮತ್ತೆ ಮೈ ಬಿಗಿಯಾದರೆ ಹಿಂದಿನ ದೂರಕ್ಕೇ ವಾಪಸ್. ಬಟ್ಟಲ ಪಕ್ಕ ನಿಂತು ಕೋಳಿ ಒಳಗೆ ಬೀಳಿಸುವ ಮಟ್ಟಕ್ಕೆ ಬರಲು ವಾರಗಳೇ ಹಿಡಿದವು. ಅಲ್ಲಿಗೇ ನಿಲ್ಲಿಸಿದೆ. ತಿನ್ನುವಾಗ ಬಟ್ಟಲಿಗೆ ಕೈ ಹಾಕಿ ಪರೀಕ್ಷೆ ಮಾಡುವ ಅಗತ್ಯ ಯಾರಿಗೂ ಇಲ್ಲ, ನಮ್ಮ ತಟ್ಟೆಗೆ ಯಾರಾದರೂ ಹಾಗೆ ಕೈ ಹಾಕಿದರೆ ನಮಗೂ ಸಿಟ್ಟು ಬರುತ್ತದೆ ಅಲ್ವಾ?

ಇನ್ನೊಂದು ವಿಷಯ. ಒಬ್ಬರ ಜೊತೆ ಸರಿಹೋಯಿತು ಅಂದರೆ ಎಲ್ಲರ ಜೊತೆ ಸರಿಹೋಯಿತು ಅಂತಲ್ಲ. ನಿಮ್ಮ ಯಜಮಾನರೋ ಅತ್ತೆಯೋ ಮಾಡುವುದಾದರೆ ಅವರೂ ದೂರದಿಂದಲೇ ಶುರುಮಾಡಬೇಕು. ಮಗಳ ಕೈಯಲ್ಲಿ ಇದನ್ನು ಮಾಡಿಸಲೇಬೇಡಿ. ನಾಯಿ ಎಷ್ಟೇ ಸುಧಾರಿಸಿದರೂ ಊಟದ ಹೊತ್ತಿನಲ್ಲಿ ಆ ಬಾಗಿಲು ಹಾಗೇ ಇರಲಿ.

ಚೆಂಡಿನ ವಿಷಯಕ್ಕೆ ಬಂದರೆ, ಅಲ್ಲಿ ಅದಲುಬದಲು ಕೆಲಸ ಮಾಡುತ್ತದೆ. ನಾಯಿಗೆ ಅಷ್ಟೇನೂ ಇಷ್ಟವಿಲ್ಲದ ಆಟಿಕೆಯಿಂದ ಶುರುಮಾಡಿ. "ಕೊಡು" ಅನ್ನಿ, ನಾಲ್ಕೈದು ಕೋಳಿ ಚೂರು ಸ್ವಲ್ಪ ದೂರಕ್ಕೆ, ಒಂದರ ಹಿಂದೆ ಒಂದು, ಎಸೆಯಿರಿ. ಆಟಿಕೆ ಬಿಟ್ಟು ಎದ್ದು ಹೋಗಿ ತಿನ್ನುತ್ತಿರುವಾಗ ಎತ್ತಿಕೊಳ್ಳಿ. ತಿಂದು ಮುಗಿಸಿದ ಕೂಡಲೇ ಅದೇ ಆಟಿಕೆಯನ್ನು ವಾಪಸ್ ಕೊಡಿ. ಈ ವಾಪಸ್ ಕೊಡುವುದನ್ನೇ ಜನ ಬಿಟ್ಟುಬಿಡುತ್ತಾರೆ. ಬಿಟ್ಟರೂ ನನ್ನದು ನನಗೇ ಬರುತ್ತದೆ ಅಂತ ಗೊತ್ತಾದ ನಾಯಿ ಬಿಗಿಹಿಡಿಯುವುದಿಲ್ಲ. ಇಷ್ಟದ ಚೆಂಡು ಕೊನೆಗೆ. ಕಾಲುಚೀಲ ಕಚ್ಚಿಕೊಂಡು ಓಡಿದರೆ ಹಿಂದೆ ಓಡಬೇಡಿ, ಬಾಯಿ ಅಗಲಿಸಿ ಕಿತ್ತುಕೊಳ್ಳಲೂ ಹೋಗಬೇಡಿ. ಕೆಲವು ನಾಯಿಗಳು ಬಿಡುವ ಬದಲು ನುಂಗಿಬಿಡುತ್ತವೆ, ಕರುಳಿಗೆ ಅಡ್ಡಬಿದ್ದರೆ ಆಪರೇಷನ್ ಆಗಬೇಕಾಗುತ್ತದೆ.

ಇದೆಲ್ಲ ಶುರುಮಾಡುವ ಮುಂಚೆ ಒಮ್ಮೆ ಪಶುವೈದ್ಯರಿಗೆ ತೋರಿಸಿ. ಬೀದಿಯಿಂದ ಬಂದ ನಾಯಿಗೆ ಹೊಟ್ಟೆಹುಳ ಇರುವುದು ಸಾಮಾನ್ಯ. ಹಲ್ಲು ಅಥವಾ ಕಿವಿ ನೋವಿದ್ದರೂ ಯಾರೂ ಹತ್ತಿರ ಬರುವುದು ಬೇಡವಾಗುತ್ತದೆ. ಚರ್ಮದ ತುರಿಕೆಗೆ ಸ್ಟೀರಾಯ್ಡ್ ಮಾತ್ರೆ ನಡೀತಿದ್ದರೆ ಅದನ್ನೂ ಹೇಳಿ, ಅದರಿಂದ ಹಸಿವು ಜಾಸ್ತಿಯಾಗುತ್ತದೆ. ನೀವಾಗೇ ಮಾತ್ರೆ ನಿಲ್ಲಿಸಬೇಡಿ.

ಈಗಾಗಲೇ ಚರ್ಮ ಹರಿಯುವ ಹಾಗೆ ಕಚ್ಚಿದ್ದರೆ, ಅಥವಾ ಹತ್ತು ಹನ್ನೆರಡು ಅಡಿಯಲ್ಲೇ ನುಗ್ಗಿ ಬರುತ್ತಿದ್ದರೆ, ನೀವೇ ಇದನ್ನು ಮಾಡಬೇಡಿ. ನಾಯಿಗಳ ನಡವಳಿಕೆ ಬಲ್ಲವರನ್ನು ಪಶುವೈದ್ಯರ ಮೂಲಕ ಹುಡುಕಿ. ಬಂದವರು ಮೊದಲ ದಿನವೇ ಎಳೆದರೆ ಕುತ್ತಿಗೆ ಬಿಗಿಯುವ ಚೋಕ್ ಚೈನ್ ಚೀಲದಿಂದ ಹೊರತೆಗೆದರೆ ಕೈಮುಗಿದು ಕಳಿಸಿಬಿಡಿ. ಹಲ್ಲು ತಾಗಿ ಚರ್ಮ ತರಚಿದರೂ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿಗೆ ರೇಬೀಸ್ ಲಸಿಕೆ ಹಾಕಿಸಿದ್ದೀವಲ್ಲ ಅಂತ ಕಾಯಬೇಡಿ, ಚುಚ್ಚುಮದ್ದು ಬೇಕೋ ಬೇಡವೋ ಅಂತ ವೈದ್ಯರೇ ಹೇಳಲಿ.