ಬಣ್ಣ ನೋಡಿ ಕತ್ತರಿಸಬೇಡಿ, ಎತ್ತರ ಓದಿ

*ಸಂಪಾದಕರೇ, ಐರಿಸ್ ಹೂಗಳ 150 ಸಾಲಿನ ದತ್ತಾಂಶಕ್ಕೆ ಪೈಥಾನಿನಲ್ಲಿ ವಾರ್ಡ್ ವಿಧಾನದಿಂದ ಡೆಂಡ್ರೋಗ್ರಾಮ್ ಬಿಡಿಸಿದೆ. ಕೆಳಗೆ ಎರಡೇ ಬಣ್ಣದ ಗುಂಪು ಬಂದಿವೆ. ಆದರೆ ಜಾತಿಗಳು ಮೂರು. ನಾನು ಎಲ್ಲಿ ತಪ್ಪಿದೆ? ಎಲ್ಲಿ ಕತ್ತರಿಸಬೇಕು?*
*— ಓದುಗರೊಬ್ಬರು, ಧಾರವಾಡ*

ಲೆಕ್ಕದಲ್ಲಿ ನೀವು ತಪ್ಪಿಲ್ಲ. ಬಣ್ಣವನ್ನೇ ತೀರ್ಪು ಅಂದುಕೊಂಡಿರಿ, ಎಡವಿದ್ದು ಅಲ್ಲಿ. ಡೆಂಡ್ರೋಗ್ರಾಮ್ ಅಂದರೆ ಹತ್ತಿರದವನ್ನು ಒಂದೊಂದಾಗಿ ಜೋಡಿಸುತ್ತ ಹೋಗುವ ಮರದ ಚಿತ್ರ. ನಾವು ಏನೂ ಹೇಳದಿದ್ದರೆ ಅದನ್ನು ಬಿಡಿಸುವ ಪೈಥಾನ್ ಲೈಬ್ರರಿ ಸೈಪೈ ಅತಿ ಎತ್ತರದ ಜೋಡಣೆಯ ಶೇ. 70ರಷ್ಟು ಎತ್ತರದಲ್ಲಿ ಗೆರೆ ಹಿಡಿದು, ಅದರ ಕೆಳಗಿನ ಒಂದೊಂದು ಕೊಂಬೆಗೂ ಒಂದೊಂದು ಬಣ್ಣ ಬಳಿಯುತ್ತದೆ. ನಿಮ್ಮ ಮರದ ತುದಿ 32.4ರಲ್ಲಿದೆ, ಹಾಗಾಗಿ ಗೆರೆ ಬಿದ್ದದ್ದು 22.7ರಲ್ಲಿ. ಅಲ್ಲಿ ಇರುವುದು ಎರಡೇ ಕೊಂಬೆ. ಚಿತ್ರ ಅಂದವಾಗಿ ಕಾಣಲೆಂದು ಇಟ್ಟ ಅಳತೆ ಅದು. ನಿಮ್ಮ ಹೂಗಳನ್ನು ನೋಡಿ ಆರಿಸಿದ್ದಲ್ಲ.

ಚಿತ್ರವನ್ನು ಪಕ್ಕಕ್ಕಿಟ್ಟು ಮೊದಲು ಎತ್ತರಗಳನ್ನು ಕೇಳಿ. ಇಲ್ಲಿ `X` ಅಂದರೆ ನಿಮ್ಮ 150 ಹೂಗಳ ನಾಲ್ಕು ಅಳತೆಗಳ ಪಟ್ಟಿ:

```python
from scipy.cluster.hierarchy import linkage, fcluster
Z = linkage(X, method="ward")
print(Z[-3:, 2])      # 6.4, 12.3, 32.4
g = fcluster(Z, t=9, criterion="distance")
```

150 ಎಲೆಗಳು ಒಂದಾಗಲು 149 ಜೋಡಣೆ ಬೇಕು. ಚಿತ್ರದ ಪ್ರತಿ ಅಡ್ಡಗೆರೆ ಒಂದು ಜೋಡಣೆ, ಅದರ ಎತ್ತರ ಆ ಜೋಡಣೆಗೆ ತೆತ್ತ ಬೆಲೆ. ಅಕ್ಕಪಕ್ಕದಲ್ಲಿರುವ ಎರಡು ಎಲೆಗಳು ಹತ್ತಿರದವು ಅಂತ ಮಾತ್ರ ಓದಬೇಡಿ. ಯಾವ ಜೋಡಣೆಯಲ್ಲೂ ಎಡಬಲ ಅದಲುಬದಲು ಮಾಡಬಹುದು, ಮರ ಅದೇ ಇರುತ್ತದೆ. ಎರಡು ಹೂ ಎಷ್ಟು ಹತ್ತಿರ ಅಂತ ತಿಳಿಯಬೇಕಾದರೆ ಎರಡರಿಂದಲೂ ಮೇಲಕ್ಕೆ ಹೋಗಿ, ಅವು ಸೇರುವ ಗೆರೆಯ ಎತ್ತರ ನೋಡಬೇಕು.

ವಾರ್ಡ್ ವಿಧಾನದಲ್ಲಿ ಈ ಬೆಲೆಯನ್ನು ಬಿಡಿಸಿ ನೋಡಬಹುದು. ಎತ್ತರವನ್ನು ವರ್ಗ ಮಾಡಿ ಅರ್ಧ ಮಾಡಿದರೆ, ಆ ಜೋಡಣೆಯಿಂದ ಗುಂಪುಗಳ ಒಳಗಿನ ಚದುರುವಿಕೆ ಎಷ್ಟು ಹೆಚ್ಚಿತೆಂದು ಸಿಗುತ್ತದೆ. ನಿಮ್ಮ ಹೂಗಳ ಒಟ್ಟು ಚದುರುವಿಕೆ 681. ಕೊನೆಯ ಜೋಡಣೆಯೊಂದೇ ಅದರಲ್ಲಿ 526 ತಿನ್ನುತ್ತದೆ, ಅದರ ಹಿಂದಿನದು 76, ಅದಕ್ಕೂ ಹಿಂದಿನದು 20. ಅಂದರೆ ಎರಡು ಭಾಗ ಮಾಡಿದಾಗಲೇ ಮುಕ್ಕಾಲಿಗಿಂತ ಹೆಚ್ಚು ವಿವರಣೆ ಸಿಕ್ಕಿತು. ಮೂರನೆಯದು ಶೇ. 11 ಸೇರಿಸಿತು, ನಾಲ್ಕನೆಯದು ಬರೀ ಶೇ. 3.

ಅತಿ ಉದ್ದದ ಖಾಲಿ ಜಾಗದಲ್ಲಿ ಕತ್ತರಿಸಿ ಅನ್ನುವ ನಿಯಮ ಹೇಳುವುದೂ ಎರಡೇ. ಅದರಲ್ಲಿ ಸತ್ಯವಿದೆ, ಒಪ್ಪುತ್ತೇನೆ: ಸೆಟೋಸಾ ಉಳಿದೆರಡರಿಂದ ನಿಜಕ್ಕೂ ದೂರ ನಿಂತಿದೆ. ಆದರೆ ಅಷ್ಟಕ್ಕೇ ಕೈಬಿಟ್ಟರೆ 6.4ರಿಂದ 12.3ರವರೆಗಿನ ಎರಡನೆಯ ಖಾಲಿ ಜಾಗ ವ್ಯರ್ಥವಾಗುತ್ತದೆ. ಮೇಲಿನ ಕೋಡಿನಲ್ಲಿ 9 ಇಟ್ಟಿದ್ದು ಅದಕ್ಕೇ. ಆಗ 50, 64, 36ರ ಮೂರು ಗುಂಪು ಬರುತ್ತವೆ.

ಈಗ ಒಳಗೆ ಇಣುಕಿ. 50 ಪೂರ್ತಿ ಸೆಟೋಸಾ. 64ರಲ್ಲಿ 49 ವರ್ಸಿಕಲರ್ ಜೊತೆ 15 ವರ್ಜಿನಿಕಾ ಕೂತಿವೆ. 36ರಲ್ಲಿ ಒಂದು ವರ್ಸಿಕಲರ್ ಇದೆ. ಮರಕ್ಕೆ ಜಾತಿಯ ಹೆಸರು ಗೊತ್ತಿಲ್ಲ, ಎಸಳು ಮತ್ತು ಪುಷ್ಪಪತ್ರದ ಉದ್ದ ಅಗಲ, ನಾಲ್ಕೇ ಅಳತೆ ಗೊತ್ತು. ಆ ಅಳತೆಗಳಲ್ಲಿ ಈ ಎರಡು ಜಾತಿಗಳ ಅಂಚು ಒಂದರ ಮೇಲೊಂದು ಬಿದ್ದಿದೆ. ಎಲ್ಲಿ ಕತ್ತರಿಸಿದರೂ ಆ 15 ಹೂ ತಮ್ಮ ಮನೆಗೆ ಹೋಗುವುದಿಲ್ಲ.

ಇನ್ನೊಂದು ಪರೀಕ್ಷೆ ಮಾಡಿ. `method="single"` ಹಾಕಿ ಮೂರಾಗಿ ಕತ್ತರಿಸಿ, ಅಲ್ಲಿ `criterion="maxclust"` ಬಳಸಿ. ಸಿಗುವುದು 50, 98, 2. ಈ ವಿಧಾನ ಎರಡು ಗುಂಪುಗಳ ಅತಿ ಹತ್ತಿರದ ಒಂದು ಜೋಡಿಯನ್ನಷ್ಟೇ ನೋಡುತ್ತದೆ. ಅಂಚಿನ ಹೂಗಳು ಒಂದರ ಕೈ ಒಂದು ಹಿಡಿದು ಸರಪಳಿ ಕಟ್ಟಿ, ಎರಡು ಜಾತಿಯನ್ನೂ ಒಂದೇ ಮುದ್ದೆ ಮಾಡಿಬಿಡುತ್ತವೆ. ಹೊರಗೆ ಉಳಿದ ಎರಡು ಹೂಗಳ ಪುಷ್ಪಪತ್ರ 7.7 ಮತ್ತು 7.9 ಸೆಂ.ಮೀ. ಉದ್ದ, ಎರಡರದೂ 3.8 ಅಗಲ. ಅವು ಗುಂಪಲ್ಲ, ದೊಡ್ಡ ಹೂಗಳು ಅಷ್ಟೇ. ಸೆಟೋಸಾ ಮಾತ್ರ ಎರಡೂ ವಿಧಾನದಲ್ಲಿ 50ಕ್ಕೆ 50 ಗಟ್ಟಿಯಾಗಿ ನಿಂತಿತು. ಆ ಕಡಿತವನ್ನು ನಂಬಿ. ಮೂರನೆಯ ಗುಂಪನ್ನು "ವಾರ್ಡ್ ಪ್ರಕಾರ" ಅಂತ ಸೇರಿಸಿಯೇ ಹೇಳಿ.

ನನ್ನ ಬೇಸರವೂ ಇಲ್ಲೇ ಇದೆ. ಎಷ್ಟೋ ವರದಿಗಳಲ್ಲಿ ಡೆಂಡ್ರೋಗ್ರಾಮ್ ಹಾಕುತ್ತಾರೆ, ಎಡಬದಿಯ ಎತ್ತರದ ಅಂಕಿಗಳನ್ನು ಕತ್ತರಿಸಿ ಬಿಟ್ಟಿರುತ್ತಾರೆ. ಯಾವ ವಿಧಾನ, ಅಳತೆಗಳನ್ನು ಸಮ ಮಾಡಿದ್ದಾರೋ ಇಲ್ಲವೋ, ಒಂದು ಸಾಲೂ ಇರುವುದಿಲ್ಲ. ಐರಿಸ್‌ನಲ್ಲಿ ಎಲ್ಲವೂ ಸೆಂಟಿಮೀಟರ್, ಅಷ್ಟು ತೊಂದರೆಯಿಲ್ಲ. ಒಂದು ಕಾಲಂ ರೂಪಾಯಿ, ಇನ್ನೊಂದು ವಯಸ್ಸು ಇದ್ದಲ್ಲಿ ಹಾಗೇ ಬಿಟ್ಟರೆ, ಮರ ರೂಪಾಯಿಯ ಮರವೇ ಆಗುತ್ತದೆ. ಆರ್ ಬಳಸುವವರು `ward.D` ಮತ್ತು `ward.D2` ಬೇರೆ ಬೇರೆ ಅನ್ನುವುದನ್ನೂ ಬರೆಯುವುದಿಲ್ಲ. ಸಾಮಾನ್ಯ ದೂರಗಳನ್ನು ಕೊಟ್ಟಾಗ ವಾರ್ಡ್ ಅವರ ಲೆಕ್ಕ ಮಾಡುವುದು ಎರಡನೆಯದು.

ನಿಮ್ಮ ಚಿತ್ರವನ್ನು ಮತ್ತೆ ಬಿಡಿಸುವಾಗ `color_threshold=9` ಕೊಡಿ. ಅದೇ 9ರಲ್ಲಿ ಒಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ 50, 64, 36 ಅಂತ ಬರೆಯಿರಿ.